ಗೆರೆಗಳು ಎಲ್ಲಿ ಸೇರುತ್ತವೆ? ಕಿಣ್ವ ಪ್ರತಿಬಂಧದ ಮೂರು ಹೆಸರುಗಳ ಹಿನ್ನೆಲೆ

ತೋಟದ ಕಳೆಗೆ ಹೊಡೆಯುವ ಗ್ಲೈಫೋಸೇಟ್ ಗಿಡದೊಳಗೆ ಒಂದೇ ಒಂದು ಕಿಣ್ವವನ್ನು ಹಿಡಿದು ನಿಲ್ಲಿಸುತ್ತದೆ. ಅದರ ಹೆಸರು ಇಪಿಎಸ್‌ಪಿ ಸಿಂಥೇಸ್. ಈ ಕಿಣ್ವ ಎರಡು ವಸ್ತುಗಳನ್ನು ಜೋಡಿಸುತ್ತದೆ: ಒಂದು ಶಿಕಿಮೇಟ್-3-ಫಾಸ್ಫೇಟ್, ಇನ್ನೊಂದು ಪಿಇಪಿ, ಅಂದರೆ ಫಾಸ್ಫೋಈನಾಲ್‌ಪೈರುವೇಟ್. ಪ್ರಯೋಗಾಲಯದಲ್ಲಿ ಪಿಇಪಿಯ ಪ್ರಮಾಣವನ್ನು ಬದಲಿಸುತ್ತಾ ವೇಗ ಅಳೆದು ಗ್ರಾಫ್ ಬರೆದರೆ ಗ್ಲೈಫೋಸೇಟ್ ಕಾಂಪಿಟಿಟಿವ್ ಪ್ರತಿಬಂಧಕವಾಗಿ ಕಾಣುತ್ತದೆ. ಅದೇ ಕಿಣ್ವ, ಅದೇ ಗ್ಲೈಫೋಸೇಟ್ ಇಟ್ಟುಕೊಂಡು ಶಿಕಿಮೇಟ್-3-ಫಾಸ್ಫೇಟನ್ನು ಬದಲಿಸಿದರೆ ಅದು ಅನ್‌ಕಾಂಪಿಟಿಟಿವ್ ಆಗಿ ಕಾಣುತ್ತದೆ. ಎರಡೂ ಸರಿ. ಇದು ಹೇಗೆ ಸಾಧ್ಯ ಎಂದು ತಿಳಿಯಲು ಈ ಹೆಸರುಗಳು ಹುಟ್ಟಿದ ಕಾಲಕ್ಕೆ ಹೋಗಬೇಕು.

ಕನ್ನಡದಲ್ಲಿ ಇಲ್ಲಿ ಒಂದು ತೊಡಕಿದೆ. ಕಾಂಪಿಟಿಟಿವ್ ಎಂಬುದಕ್ಕೆ ‘ಸ್ಪರ್ಧಾತ್ಮಕ’ ಎನ್ನಬಹುದು. ಆದರೆ ನಾನ್‌ಕಾಂಪಿಟಿಟಿವ್, ಅನ್‌ಕಾಂಪಿಟಿಟಿವ್ ಎರಡನ್ನೂ ಕನ್ನಡಿಸಿದರೆ ‘ಸ್ಪರ್ಧಾತ್ಮಕವಲ್ಲದ’ ಎಂದೇ ಆಗುತ್ತದೆ, ವ್ಯತ್ಯಾಸ ಅಳಿಸಿಹೋಗುತ್ತದೆ. ತರಗತಿಯಲ್ಲಿ ಮಕ್ಕಳು ಎಡವುವುದೂ ಇಲ್ಲಿಯೇ. ಹಾಗಾಗಿ ಬಳಕೆಯಲ್ಲಿರುವ ಹೆಸರುಗಳನ್ನೇ ಇಟ್ಟುಕೊಳ್ಳುತ್ತೇನೆ.

1913ರಲ್ಲಿ ಬರ್ಲಿನ್‌ನಲ್ಲಿ ಲಿಯೊನೋರ್ ಮೈಕೆಲಿಸ್ ಮತ್ತು ಕೆನಡಾದಿಂದ ಬಂದಿದ್ದ ಮಾಡ್ ಮೆಂಟೆನ್ ಸಕ್ಕರೆಯನ್ನು ಒಡೆಯುವ ಇನ್ವರ್ಟೇಸ್ ಕಿಣ್ವದ ವೇಗವನ್ನು ಅಳೆದರು. ಕಿಣ್ವ ಮೊದಲು ತಾನು ಬದಲಿಸಬೇಕಾದ ವಸ್ತುವನ್ನು, ಅಂದರೆ ಸಬ್‌ಸ್ಟ್ರೇಟನ್ನು, ಹಿಡಿದುಕೊಳ್ಳುತ್ತದೆ, ಆಮೇಲೆ ಅದನ್ನು ಬದಲಿಸಿ ಬಿಡುತ್ತದೆ ಎಂಬುದು ಅವರ ಲೆಕ್ಕದ ತಳಹದಿ. ಅದರಿಂದ ಎರಡು ಸಂಖ್ಯೆಗಳು ಸಿಕ್ಕವು. ಎಲ್ಲ ಕಿಣ್ವವೂ ಕೆಲಸದಲ್ಲಿ ತೊಡಗಿದ್ದಾಗಿನ ಗರಿಷ್ಠ ವೇಗ Vmax. ಅದರ ಅರ್ಧ ವೇಗ ಬರಲು ಬೇಕಾಗುವ ಸಬ್‌ಸ್ಟ್ರೇಟ್ ಪ್ರಮಾಣ Km. ಸಕ್ಕರೆ ಒಡೆದು ಬರುವ ಗ್ಲೂಕೋಸ್ ಮತ್ತು ಫ್ರಕ್ಟೋಸ್ ತಾವೇ ಕಿಣ್ವವನ್ನು ಹಿಡಿದುಕೊಂಡು ವೇಗ ತಗ್ಗಿಸುತ್ತವೆ ಎಂಬುದನ್ನೂ ಅವರು ಲೆಕ್ಕಕ್ಕೆ ತೆಗೆದುಕೊಂಡರು. ಮರುವರ್ಷವೇ, 1914ರಲ್ಲಿ, ಮೈಕೆಲಿಸ್ ಪೆಕ್‌ಸ್ಟೈನ್ ಜತೆ ಸೇರಿ ಇನ್ವರ್ಟೇಸಿನ ಮೇಲಿನ ಪ್ರತಿಬಂಧಗಳೆಲ್ಲ ಒಂದೇ ಜಾತಿಯವಲ್ಲ ಎಂದು ಬರೆದರು. ಕೆಲವು ವಸ್ತುಗಳು ಸಬ್‌ಸ್ಟ್ರೇಟಿನ ಜಾಗವನ್ನೇ ಕಿತ್ತುಕೊಳ್ಳುತ್ತವೆ, ಕೆಲವು ಜಾಗ ಬಿಟ್ಟು ಕೆಲಸವನ್ನು ಮಾತ್ರ ಕೆಡಿಸುತ್ತವೆ.

ಜಾಗ ಕಿತ್ತುಕೊಳ್ಳುವ ಪ್ರತಿಬಂಧಕ್ಕೆ ಇಂದಿಗೂ ಎಲ್ಲರೂ ಕೊಡುವ ಉದಾಹರಣೆ ಮ್ಯಾಲೊನೇಟ್. ಕೇಂಬ್ರಿಜ್‌ನಲ್ಲಿ ಕ್ವಾಸ್ಟೆಲ್ ಮತ್ತು ವೂಲ್ಡ್‌ರಿಜ್ 1928ರಲ್ಲಿ ಅದನ್ನು ವಿವರಿಸಿದರು. ಸಕ್ಸಿನೇಟ್ ಡಿಹೈಡ್ರೋಜಿನೇಸ್ ಕಿಣ್ವದ ಸಬ್‌ಸ್ಟ್ರೇಟ್ ಆದ ಸಕ್ಸಿನೇಟಿನ ಎರಡು ತುದಿಗಳ ನಡುವೆ ಎರಡು ಇಂಗಾಲಗಳಿವೆ, ಮ್ಯಾಲೊನೇಟಿನಲ್ಲಿ ಒಂದೇ. ಕಿಣ್ವ ಆ ಎರಡು ಇಂಗಾಲಗಳಿಂದ ಒಂದೊಂದು ಹೈಡ್ರೋಜನ್ ತೆಗೆಯಬೇಕು. ಮ್ಯಾಲೊನೇಟ್ ಬಂದು ಕೂರುತ್ತದೆ, ತುದಿಗಳು ಹೊಂದುತ್ತವೆ, ಆದರೆ ಹೈಡ್ರೋಜನ್ ತೆಗೆಯಲು ಎರಡನೆಯ ಇಂಗಾಲವೇ ಇಲ್ಲ. ಸಕ್ಸಿನೇಟನ್ನು ಸಾಕಷ್ಟು ಹೆಚ್ಚಿಸಿದರೆ ಅದು ಮ್ಯಾಲೊನೇಟನ್ನು ಹೊರದಬ್ಬುತ್ತದೆ. 1937ರಲ್ಲಿ ಹನ್ಸ್ ಕ್ರೆಬ್ಸ್ ಪಾರಿವಾಳದ ಎದೆಯ ಸ್ನಾಯುವಿನಲ್ಲಿ ಸಿಟ್ರಿಕ್ ಆಮ್ಲದ ಚಕ್ರವನ್ನು ಬಿಡಿಸುವಾಗ ದಾರಿಯನ್ನು ತಡೆಯಲು ಬಳಸಿದ್ದೂ ಇದೇ ಮ್ಯಾಲೊನೇಟನ್ನು.

ಆದರೆ ಸಬ್‌ಸ್ಟ್ರೇಟಿನ ಎದುರು ವೇಗವನ್ನು ಬರೆದಾಗ ಬರುವ ಬಾಗಿದ ಗೆರೆಯನ್ನು ಬರಿಗಣ್ಣಿನಿಂದ ನೋಡಿ ಯಾವ ಜಾತಿ ಎಂದು ಹೇಳುವುದು ಕಷ್ಟ. ಗರಿಷ್ಠ ವೇಗ ಎಲ್ಲಿಗೆ ನಿಲ್ಲುತ್ತದೆ ಎಂಬುದೇ ಕಣ್ಣಿಗೆ ಹೊಳೆಯುವುದಿಲ್ಲ. ಅದಕ್ಕೆ ಉಪಾಯವಾಗಿ ಬಂದದ್ದು ತಲೆಕೆಳಗು ಮಾಡಿದ ಗ್ರಾಫ್. ಅಮೆರಿಕದ ಕೃಷಿ ಇಲಾಖೆಯಲ್ಲಿ ಸಾರಜನಕ ಸ್ಥಿರೀಕರಣದ ಮೇಲೆ ಕೆಲಸ ಮಾಡುತ್ತಿದ್ದ ಹನ್ಸ್ ಲೈನ್‌ವೀವರ್ ಮತ್ತು ಡೀನ್ ಬರ್ಕ್ 1934ರಲ್ಲಿ ಅದನ್ನು ಪ್ರಕಟಿಸಿದರು. 1ನ್ನು ವೇಗ v ಇಂದಲೂ ಸಬ್‌ಸ್ಟ್ರೇಟ್ ಪ್ರಮಾಣ [S] ಇಂದಲೂ ಭಾಗಿಸಿದ ಬೆಲೆಗಳನ್ನು ತೆಗೆದುಕೊಂಡರೆ ಬಾಗಿದ ಗೆರೆ ನೆಟ್ಟಗಾಗುತ್ತದೆ:

```
1/v = 1/Vmax + (Km/Vmax) × 1/[S]
```

ಗೆರೆ ಲಂಬ ಅಕ್ಷವನ್ನು ಮುಟ್ಟುವ ಜಾಗ 1/Vmax. ಗೆರೆಯ ಇಳಿಜಾರು Km/Vmax. ಎಡಕ್ಕೆ ಮುಂದುವರಿಸಿದರೆ ಅಡ್ಡ ಅಕ್ಷವನ್ನು ಮುಟ್ಟುವುದು −1/Km ಎಂಬಲ್ಲಿ. ಈ ಬಗೆಯ ನೇರಗೆರೆಗಳ ಯೋಚನೆ ಬಾರ್ನೆಟ್ ವೂಲ್ಫ್ ಅವರದೆಂದು ಹಾಲ್ಡೇನ್ ಮತ್ತು ಸ್ಟರ್ನ್ 1932ರ ತಮ್ಮ ಪುಸ್ತಕದಲ್ಲೇ ಹೇಳಿದ್ದರು. ಹೆಸರು ಮಾತ್ರ ಲೈನ್‌ವೀವರ್-ಬರ್ಕ್ ಎಂದೇ ಉಳಿಯಿತು.

ಈಗ ಒಂದು ಕಿಣ್ವವನ್ನು ಕಲ್ಪಿಸಿಕೊಂಡು ಲೆಕ್ಕ ಮಾಡೋಣ. Vmax 100, Km 2 ಮಿಲಿಮೋಲಾರ್ ಇರಲಿ. ಪ್ರತಿಬಂಧಕವಿಲ್ಲದಾಗ ಗೆರೆ ಲಂಬ ಅಕ್ಷವನ್ನು 0.01ರಲ್ಲಿ ಮುಟ್ಟುತ್ತದೆ, ಇಳಿಜಾರು 0.02. ಪ್ರತಿಬಂಧಕವನ್ನು ಅದರ ವಿಯೋಜನ ಸ್ಥಿರಾಂಕ Ki, ಅಂದರೆ ಅದು ಹಿಡಿಯಬಲ್ಲ ಕಿಣ್ವದ ಅರ್ಧವನ್ನು ಹಿಡಿಯಲು ಬೇಕಾಗುವ ಪ್ರಮಾಣ, ಎಷ್ಟೋ ಅಷ್ಟೇ ಹಾಕೋಣ.

ಅದು ಖಾಲಿ ಕಿಣ್ವವನ್ನು ಮಾತ್ರ ಹಿಡಿಯುವುದಾದರೆ ಕಾಂಪಿಟಿಟಿವ್. ಕಾಣುವ Km ದುಪ್ಪಟ್ಟಾಗಿ 4 ಆಗುತ್ತದೆ, Vmax ಹಾಗೆಯೇ ಉಳಿಯುತ್ತದೆ. ಇಳಿಜಾರು 0.04ಕ್ಕೆ ಏರುತ್ತದೆ, ಲಂಬ ಅಕ್ಷದ ಬಿಂದು 0.01ರಿಂದ ಅಲ್ಲಾಡುವುದಿಲ್ಲ. ಅಂದರೆ ಎರಡು ಗೆರೆಗಳೂ ಲಂಬ ಅಕ್ಷದ ಮೇಲೆ ಸೇರುತ್ತವೆ. ಆ ಅಕ್ಷದ ಮೇಲೆ 1/[S] ಸೊನ್ನೆ, ಅಂದರೆ ಸಬ್‌ಸ್ಟ್ರೇಟ್ ಅನಂತ. ಅಷ್ಟು ಸಬ್‌ಸ್ಟ್ರೇಟ್ ಇದ್ದಲ್ಲಿ ಪ್ರತಿಬಂಧಕಕ್ಕೆ ಜಾಗವೇ ಸಿಗದು.

ಖಾಲಿ ಕಿಣ್ವವನ್ನೂ ಸಬ್‌ಸ್ಟ್ರೇಟ್ ಹಿಡಿದ ಕಿಣ್ವವನ್ನೂ ಒಂದೇ ಬಲದಿಂದ ಹಿಡಿಯುವುದಾದರೆ ನಾನ್‌ಕಾಂಪಿಟಿಟಿವ್. Vmax 50ಕ್ಕೆ ಇಳಿಯುತ್ತದೆ, Km 2ರಲ್ಲೇ ಉಳಿಯುತ್ತದೆ. ಲಂಬ ಅಕ್ಷದ ಬಿಂದು 0.02, ಇಳಿಜಾರು 0.04. ಗೆರೆಗಳು ಸೇರುವುದು ಎಡಗಡೆ ಅಡ್ಡ ಅಕ್ಷದ ಮೇಲೆ, −0.5ರಲ್ಲಿ.

ಮೂರನೆಯದಾದ ಅನ್‌ಕಾಂಪಿಟಿಟಿವ್‌ನಲ್ಲಿ ಪ್ರತಿಬಂಧಕಕ್ಕೆ ಖಾಲಿ ಕಿಣ್ವ ಬೇಡವೇ ಬೇಡ. ಸಬ್‌ಸ್ಟ್ರೇಟ್ ಬಂದು ಕೂತ ಮೇಲೆಯೇ ಅದು ಹತ್ತಿಕೊಳ್ಳುವುದು. Vmax 50, Km 1: ಎರಡೂ ಒಟ್ಟಿಗೆ ಅರ್ಧವಾಗುತ್ತವೆ. Km ಇಳಿಯಿತು ಎಂದರೆ ಕಿಣ್ವ ಉತ್ತಮವಾಯಿತು ಎಂದಲ್ಲ. ಸಬ್‌ಸ್ಟ್ರೇಟ್ ಕೂತ ಕಿಣ್ವವನ್ನು ಪ್ರತಿಬಂಧಕ ಕಟ್ಟಿಹಾಕುವುದರಿಂದ ಸಮತೋಲ ಆ ಕಡೆಗೆ ವಾಲುತ್ತದೆ ಅಷ್ಟೆ. ಭಾಗಲಬ್ಧ Km/Vmax ಬದಲಾಗದೆ ಇಳಿಜಾರು 0.02ರಲ್ಲೇ ಉಳಿಯುತ್ತದೆ, ಲಂಬ ಅಕ್ಷದ ಬಿಂದು 0.02ಕ್ಕೆ ಏರುತ್ತದೆ. ಗೆರೆಗಳು ಸಮಾನಾಂತರ, ಎಲ್ಲಿಯೂ ಸೇರುವುದಿಲ್ಲ.

ಗೆರೆಗಿಂತಲೂ ಸ್ಪಷ್ಟವಾಗಿ ಮಾತಾಡುವುದು ವೇಗ ಎಷ್ಟು ಪಾಲು ಕುಗ್ಗಿತು ಎಂಬುದು. ಸಬ್‌ಸ್ಟ್ರೇಟ್ 0.1 ಮಿಲಿಮೋಲಾರ್ ಇದ್ದಾಗ ಕಾಂಪಿಟಿಟಿವ್ ಪ್ರತಿಬಂಧಕ ವೇಗವನ್ನು ಸುಮಾರು 49% ಕುಗ್ಗಿಸುತ್ತದೆ. 10 ಮಿಲಿಮೋಲಾರ್ ಆದಾಗ ಅದು 14%ಕ್ಕೆ ಇಳಿಯುತ್ತದೆ. ಅನ್‌ಕಾಂಪಿಟಿಟಿವ್‌ನಲ್ಲಿ ಇದು ತಿರುಗುಮುರುಗು: 0.1ರಲ್ಲಿ 4.5%, 10ರಲ್ಲಿ 45%. ನಾನ್‌ಕಾಂಪಿಟಿಟಿವ್‌ನಲ್ಲಿ ಎಲ್ಲೆಡೆಯೂ 50%.

ತಲೆಕೆಳಗು ಗ್ರಾಫಿನ ದೌರ್ಬಲ್ಯವೂ ಇಲ್ಲೇ ಅಡಗಿದೆ. ವೇಗ ಅಳೆಯುವಾಗ 0.5ರಷ್ಟು ತಪ್ಪು ಎಲ್ಲ ಕಡೆಯೂ ಇದೆ ಎನ್ನಿ. ಪ್ರತಿಬಂಧಕವಿಲ್ಲದೆ ಸಬ್‌ಸ್ಟ್ರೇಟ್ 10 ಇದ್ದು ವೇಗ 83.3 ಆದಾಗ 1/v ಬಿಂದು ಕಾಗದದ ಮೇಲೆ ಅಲ್ಲಾಡಿದ್ದೇ ಕಾಣದು. ಸಬ್‌ಸ್ಟ್ರೇಟ್ 0.1 ಇದ್ದು ವೇಗ 4.76 ಆದಾಗ ಅದೇ ತಪ್ಪು ಸುಮಾರು ಮುನ್ನೂರು ಪಟ್ಟು ದೊಡ್ಡದಾಗುತ್ತದೆ. ಆ ಬಿಂದುವೇ ಗ್ರಾಫಿನ ಬಲತುದಿಯಲ್ಲಿ ನಿಂತು ಇಡೀ ಗೆರೆಯನ್ನು ತನ್ನತ್ತ ಎಳೆಯುತ್ತದೆ. ಲೈನ್‌ವೀವರ್ ಮತ್ತು ಬರ್ಕ್ ಇದನ್ನು ಅರಿಯದವರಲ್ಲ. ಸಂಖ್ಯಾಶಾಸ್ತ್ರಜ್ಞ ಡೆಮಿಂಗ್ ಜತೆ 1934ರಲ್ಲೇ ಲೇಖನ ಬರೆದಿದ್ದರು. ಅವರ ಗ್ರಾಫನ್ನು ಅನುಸರಿಸಿದವರಲ್ಲಿ ಬಹಳ ಮಂದಿ ಮಾತ್ರ ಬಿಂದುಗಳಿಗೆ ಅವು ಎಷ್ಟು ನಂಬಬಹುದಾದವೋ ಅದಕ್ಕೆ ತಕ್ಕ ತೂಕ ಕೊಡುವುದನ್ನು ಬಿಟ್ಟುಬಿಟ್ಟರು. 1965ರಲ್ಲಿ ಡೌಡ್ ಮತ್ತು ರಿಗ್ಸ್ ಕೃತಕ ದತ್ತಾಂಶ ಇಟ್ಟುಕೊಂಡು ನೇರಗೆರೆಯ ಮೂರು ವಿಧಾನಗಳನ್ನು ಹೋಲಿಸಿದಾಗ ಇದೇ ಕೊನೆಯ ಸ್ಥಾನಕ್ಕೆ ಬಂತು. ಈಗ ಮೂಲ ಸಂಖ್ಯೆಗಳಿಗೇ ಬಾಗಿದ ಸಮೀಕರಣವನ್ನು ಹೊಂದಿಸಿ Km, Vmax ತೆಗೆಯುವುದು ರೂಢಿ. ನೇರಗೆರೆಯನ್ನು ಕಣ್ಣಿಗೆ ತೋರಿಸಲು ಮಾತ್ರ ಬರೆಯುವುದು ಒಳ್ಳೆಯದು.

ಗೆರೆ ನೋಡಿಯೇ ತೀರ್ಮಾನಿಸುವುದರಿಂದ ಹುಟ್ಟುವ ತಪ್ಪುಗಳಲ್ಲಿ ಎರಡು ನನಗೆ ಮುಖ್ಯವೆನಿಸುತ್ತವೆ. ಬಹಳ ದೂರ ಎಡಕ್ಕೆ ಸೇರುವ ಗೆರೆಗಳು ಬರೆದಷ್ಟು ಜಾಗದಲ್ಲಿ ಸಮಾನಾಂತರವಾಗಿಯೇ ಕಾಣುತ್ತವೆ; ಅವು ನಿಜಕ್ಕೂ ಮಿಶ್ರ ಪ್ರತಿಬಂಧ, ಅಂದರೆ ಎರಡೂ ರೂಪದ ಕಿಣ್ವವನ್ನು ಬೇರೆ ಬೇರೆ ಬಲದಿಂದ ಹಿಡಿಯುವಂಥದು. ಪ್ರತಿಬಂಧಕದ ಮೂರ್ನಾಲ್ಕು ಪ್ರಮಾಣಗಳಲ್ಲಿ ಅಳೆದು, ಇಳಿಜಾರುಗಳನ್ನೇ ಪ್ರತಿಬಂಧಕದ ಪ್ರಮಾಣದ ಎದುರು ಮತ್ತೆ ಗ್ರಾಫ್ ಬರೆದರೆ ಅವು ಏರುತ್ತಿವೆಯೇ ಇಲ್ಲವೇ ಎಂದು ತಿಳಿಯುತ್ತದೆ: ಏರುತ್ತಿದ್ದರೆ ಮಿಶ್ರ, ಇಲ್ಲದಿದ್ದರೆ ಅನ್‌ಕಾಂಪಿಟಿಟಿವ್. ಎರಡನೆಯದು ಇನ್ನೂ ಮೋಸದ್ದು. ಕಿಣ್ವದ ಅರ್ಧ ಪಾಲನ್ನು ಶಾಶ್ವತವಾಗಿ ಕೊಲ್ಲುವ ವಿಷವೂ ನಾನ್‌ಕಾಂಪಿಟಿಟಿವ್ ಗೆರೆಯನ್ನೇ ಕೊಡುತ್ತದೆ. ಸತ್ತ ಕಿಣ್ವ ಲೆಕ್ಕದಿಂದ ಹೊರಬಿದ್ದು Vmax ಇಳಿಯುತ್ತದೆ, ಉಳಿದ ಕಿಣ್ವ ಎಂದಿನಂತೆಯೇ ಇರುವುದರಿಂದ Km ಬದಲಾಗದು. ಗ್ರಾಫ್ ನೋಡಿ ಇದನ್ನು ಬೇರ್ಪಡಿಸಲಾಗದು. ಮಿಶ್ರಣವನ್ನು ಚೆನ್ನಾಗಿ ತೆಳ್ಳಗೆ ಮಾಡಿ ನೋಡಬೇಕು: ವೇಗ ಮರಳಿದರೆ ಅದು ಬಿಟ್ಟುಹೋಗಬಲ್ಲ ಪ್ರತಿಬಂಧಕ, ಮರಳದಿದ್ದರೆ ಕಿಣ್ವ ಸತ್ತಿದೆ. ಅಪ್ಪಟ ನಾನ್‌ಕಾಂಪಿಟಿಟಿವ್ ಎಂಬುದು ಪಠ್ಯಪುಸ್ತಕಗಳಲ್ಲಿ ಕಾಣುವಷ್ಟು ಕಿಣ್ವಗಳಲ್ಲಿ ಕಾಣುವುದಿಲ್ಲ.

ಗ್ಲೈಫೋಸೇಟಿಗೆ ಮರಳೋಣ. ಅದು ಹಿಡಿಯುವ ಕಿಣ್ವ ಯಾವುದೆಂದು 1980ರಲ್ಲಿ ಸ್ಟೈನ್‌ರ್‍ಯೂಕೆನ್ ಮತ್ತು ಆಮ್‌ರ್‍ಹೈನ್ ತೋರಿಸಿದರು. ಮೂರು ವರ್ಷದ ನಂತರ ಬೂಕಾಕ್ ಮತ್ತು ಕಾಗಿನ್ಸ್ ಗೆರೆಗಳನ್ನು ಬರೆದರು. ಶಿಕಿಮೇಟ್-3-ಫಾಸ್ಫೇಟ್ ಕೂತ ಕಿಣ್ವಕ್ಕೇ ಗ್ಲೈಫೋಸೇಟ್ ಹತ್ತಿಕೊಳ್ಳುತ್ತದೆ, ಕೂರುವುದು ಪಿಇಪಿಯ ಜಾಗದಲ್ಲಿ. ಆದ್ದರಿಂದ ಪಿಇಪಿಗೆ ಅದು ಎದುರಾಳಿ, ಶಿಕಿಮೇಟ್-3-ಫಾಸ್ಫೇಟಿಗೆ ಹಿಂಬಾಲಕ. ‘ಅನ್‌ಕಾಂಪಿಟಿಟಿವ್’ ಎಂಬುದು ಪ್ರತಿಬಂಧಕದ ಗುಣವಲ್ಲ, ಒಂದು ನಿರ್ದಿಷ್ಟ ಸಬ್‌ಸ್ಟ್ರೇಟಿನೊಂದಿಗೆ ಅದಕ್ಕಿರುವ ಸಂಬಂಧ.

ಜೀವಕೋಶದಲ್ಲಿ ಈ ಸಂಬಂಧದಿಂದ ಏನಾಗುತ್ತದೆ ಎಂಬುದು ಮೇಲಿನ ಸಂಖ್ಯೆಗಳಿಂದಲೇ ಗೊತ್ತಾಗುತ್ತದೆ. ಜೀವಕೋಶದಲ್ಲಿ ಸಬ್‌ಸ್ಟ್ರೇಟನ್ನು ಯಾರೂ ಅಳೆದು ಹಾಕುವುದಿಲ್ಲ; ಹಿಂದಿನ ಕಿಣ್ವಗಳಿಂದ ಅದು ಹರಿದು ಬರುತ್ತದೆ. ನಮ್ಮ ಕಿಣ್ವಕ್ಕೆ 40ರ ವೇಗದಲ್ಲಿ ಸಬ್‌ಸ್ಟ್ರೇಟ್ ಬರುತ್ತಿದೆ ಎನ್ನಿ. ಪ್ರತಿಬಂಧಕವಿಲ್ಲದಾಗ 1.33 ಮಿಲಿಮೋಲಾರ್ ಸಬ್‌ಸ್ಟ್ರೇಟ್ ಇದ್ದರೆ ಬಂದದ್ದೆಲ್ಲ ಮುಂದೆ ಹೋಗುತ್ತದೆ. Kiಯ ಎರಡು ಪಟ್ಟು ಕಾಂಪಿಟಿಟಿವ್ ಪ್ರತಿಬಂಧಕ ಹಾಕಿದರೆ ಸಬ್‌ಸ್ಟ್ರೇಟ್ 4ಕ್ಕೆ ಏರಿ, ಪ್ರತಿಬಂಧಕವನ್ನು ಪಕ್ಕಕ್ಕೆ ತಳ್ಳಿ, ಅದೇ 40ರ ವೇಗ ಮತ್ತೆ ನಿಲ್ಲುತ್ತದೆ. ಅಷ್ಟೇ ಅನ್‌ಕಾಂಪಿಟಿಟಿವ್ ಪ್ರತಿಬಂಧಕ ಹಾಕಿದರೆ Vmax 33.3. ಸಬ್‌ಸ್ಟ್ರೇಟ್ ಎಷ್ಟೇ ಏರಿದರೂ 40 ತಲುಪಲಾಗದು. ಏರಿದಷ್ಟೂ ಪ್ರತಿಬಂಧಕಕ್ಕೆ ಹಿಡಿಯಲು ಹೆಚ್ಚು ಕಿಣ್ವ ಸಿಗುತ್ತದೆ, ಸಬ್‌ಸ್ಟ್ರೇಟ್ ಕಟ್ಟೆಯ ಹಿಂದಿನ ನೀರಿನಂತೆ ತುಂಬುತ್ತಲೇ ಹೋಗುತ್ತದೆ. ಅನ್‌ಕಾಂಪಿಟಿಟಿವ್ ಪ್ರತಿಬಂಧ ನಿಸರ್ಗದಲ್ಲಿ ಇಷ್ಟು ಅಪರೂಪವಾಗಲು ಈ ಅಪಾಯವೇ ಕಾರಣವಿರಬಹುದೆಂದು 1986ರಲ್ಲಿ ಅಥೆಲ್ ಕಾರ್ನಿಶ್-ಬೌಡೆನ್ ವಾದಿಸಿದರು.

ಗ್ಲೈಫೋಸೇಟ್ ಬಿದ್ದ ಗಿಡದಲ್ಲಿ ಆಗುವುದೂ ಇದೇ. ಪಿಇಪಿ ಇನ್ನೂ ಹಲವು ದಾರಿಗಳಿಗೆ ಬೇಕಾದ ವಸ್ತು. ಇಲ್ಲಿ ತಡೆದರೆ ಅದು ಬೇರೆಡೆಗೆ ಹರಿದುಹೋಗುತ್ತದೆ, ಎದುರಾಳಿಯನ್ನು ದಬ್ಬುವಷ್ಟು ಶೇಖರವಾಗುವುದಿಲ್ಲ. ಶಿಕಿಮೇಟ್-3-ಫಾಸ್ಫೇಟಿಗೆ ಮುಂದಿನ ದಾರಿ ಇದೊಂದೇ. ಅದು ಶೇಖರವಾದಷ್ಟೂ ಗ್ಲೈಫೋಸೇಟಿನ ಹಿಡಿತ ಬಿಗಿಯಾಗುತ್ತದೆ, ಗಿಡಕ್ಕೆ ಫಿನೈಲ್‌ಅಲನೀನ್, ಟೈರೋಸಿನ್, ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲಗಳು ಸಿಗದಾಗುತ್ತವೆ. ಫಾಸ್ಫೇಟ್ ಕಳಚಿಕೊಂಡ ಶಿಕಿಮೇಟ್ ಎಲೆಯಲ್ಲಿ ತುಂಬಿಕೊಳ್ಳುತ್ತದೆ. ಎಲೆಯ ಚೂರುಗಳನ್ನು ಗ್ಲೈಫೋಸೇಟ್ ದ್ರಾವಣದಲ್ಲಿಟ್ಟು ಆ ಶಿಕಿಮೇಟನ್ನು ಅಳೆಯುವುದು ಇಂದು ಕಳೆಗಳ ಪರೀಕ್ಷೆಯ ಒಂದು ಸಾಮಾನ್ಯ ವಿಧಾನ: ಶಿಕಿಮೇಟ್ ಏರಿದರೆ ಮದ್ದು ಕಿಣ್ವವನ್ನು ಹಿಡಿದಿದೆ, ಏರದಿದ್ದರೆ ಆ ಕಳೆ ಮದ್ದಿಗೆ ಬಗ್ಗದಂತಾಗಿದೆ.