ಇನ್‌ಸ್ಪೆಕ್ಟರ್‌ನಿಂದ ಎಕ್ಸ್‌ಪೆಕ್ಟ್‌ವರೆಗೆ: ಇಂಗ್ಲಿಷ್ ಪದಗಳನ್ನು ಯಾವ ಕ್ರಮದಲ್ಲಿ ಕಲಿಯಬೇಕು?

ಪ್ರಶ್ನೆ: ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಕೆಲಸದ ಜಾಗದಲ್ಲಿ ಇಂಗ್ಲಿಷ್ ಬೇಕು. ದಿನಕ್ಕೆ ಹತ್ತು ಪದ ಬರೆದು ಬಾಯಿಪಾಠ ಮಾಡ್ತೀನಿ, ವಾರ ಕಳೆದರೆ ಎರಡೂ ನೆನಪಿರಲ್ಲ. ಪದಗಳ ಮೂಲ, ಅದೇ ‘ರೂಟ್’ ಕಲಿತರೆ ಸುಲಭ ಅಂತಾರೆ. ಮೊದಲು ರೂಟ್ ಕಲೀಬೇಕಾ, ದಿನಬಳಕೆ ಪದ ಕಲೀಬೇಕಾ?

ಉತ್ತರ: ದಿನಬಳಕೆಯ ಪದ ಮೊದಲು. ರೂಟ್ ಆಮೇಲೆ. ಅದು ಮುಗಿದ ಮೇಲೆ ಮತ್ತೆ ದಿನಬಳಕೆಯ ವಾಕ್ಯಕ್ಕೇ ವಾಪಸ್ ಬರಬೇಕು. ಈ ಮೂರನೇ ಹೆಜ್ಜೆಯನ್ನೇ ಜಾಸ್ತಿ ಜನ ಬಿಟ್ಟುಬಿಡುತ್ತಾರೆ.

ರೂಟ್ ಯಾಕೆ ಮೊದಲಲ್ಲ? ಇಂಗ್ಲಿಷಿನಲ್ಲಿ ಬಾಯಿ ತೆರೆದರೆ ಬೇಕಾಗುವುದು ಗೆಟ್, ಪುಟ್, ಗೋ, ಗಿವ್, ಲುಕ್ ಥರದ ಪುಟ್ಟ ಪದಗಳು. ಇವು ಹಳೇ ಜರ್ಮನಿಕ್ ಮೂಲದವು. ಲ್ಯಾಟಿನ್ ರೂಟ್ ಪಟ್ಟಿ ಇಟ್ಟುಕೊಂಡು ಇವನ್ನು ಬಿಡಿಸೋಕೆ ಆಗಲ್ಲ. ಮೈಕೆಲ್ ವೆಸ್ಟ್ ಎಂಬ ಮೇಷ್ಟ್ರು ಢಾಕಾದಲ್ಲಿ ಕೆಲಸ ಮಾಡಿದವರು. ಕಲಿಯುವವರಿಗೆ ಮೊದಲು ಬೇಕಾಗುವ ಸುಮಾರು 2000 ಪದಗಳ ಪಟ್ಟಿಯನ್ನು ಅವರು 1953ರಲ್ಲಿ ಹೊರತಂದರು. ಅದರಲ್ಲೂ ಇಂಥ ಪುಟ್ಟ ಪದಗಳಿವೆ. ರೂಟ್ ನಿಜವಾಗಿ ಕೈ ಹಿಡಿಯುವುದು ಪೇಪರ್, ಆಫೀಸು, ಪಾಠದ ಪುಸ್ತಕದ ಇಂಗ್ಲಿಷಿಗೆ ಬಂದಾಗ.

ಹಾಗಾಗಿ ಮೊದಲು ಒಂದು ಜಾಗ ಆರಿಸಿಕೊಳ್ಳಿ. ಬಸ್ ಅಂತಿಟ್ಟುಕೊಳ್ಳೋಣ. ಕಂಡಕ್ಟರ್ ಜೊತೆ ಯಾರು ಇಂಗ್ಲಿಷ್ ಮಾತಾಡ್ತಾರೆ ಅಂತ ನಗಬೇಡಿ. ‘ಯಾಕೆ ಲೇಟು?’ ಅಂತ ಆಫೀಸಿನಲ್ಲಿ ಕೇಳಿದರೆ ಬಸ್ಸಿನ ಕಥೆಯನ್ನೇ ತಾನೇ ಹೇಳಬೇಕು? ‘ಐ ಮಿಸ್ಡ್ ದ ಬಸ್.’ ‘ಐ ಗಾಟ್ ಆಫ್ ಅಟ್ ದ ರಾಂಗ್ ಸ್ಟಾಪ್.’ ‘ಐ ಹ್ಯಾಡ್ ನೋ ಚೇಂಜ್.’ ಬಸ್ಸಿಂದ ಇಳಿಯೋದಕ್ಕೆ ನಮ್ಮಲ್ಲಿ ‘ಗೆಟ್ ಡೌನ್’ ಅಂತಾರೆ. ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಹೊರದೇಶದವರು ಮಾತ್ರ ‘ಗೆಟ್ ಆಫ್’ ಅನ್ನುತ್ತಾರೆ. ಹೀಗೆ ಒಂದು ಜಾಗಕ್ಕೆ ಏಳೆಂಟು ಪದ ಸಾಕು, ಅದೂ ಪೂರ್ತಿ ವಾಕ್ಯದಲ್ಲಿ.

ಒಂದು ಎಚ್ಚರಿಕೆ. ಒಂದೇ ಥರದ ಅಥವಾ ಉಲ್ಟಾ ಅರ್ಥದ ಹೊಸ ಪದಗಳನ್ನು ಒಂದೇ ದಿನ ಕಲಿಯಬೇಡಿ. ‘ಬಾರೋ’ ಮತ್ತು ‘ಲೆಂಡ್’ ಜೋಡಿಯನ್ನೇ ನೋಡಿ. ಎರಡನ್ನೂ ಒಟ್ಟಿಗೆ ಕಲಿತವರಿಗೆ ಸಾಲ ತಗೊಳ್ಳೋದು ಯಾವುದು, ಕೊಡೋದು ಯಾವುದು ಅನ್ನೋದು ವರ್ಷಗಟ್ಟಲೆ ಕಲಸಿಹೋಗಿರುತ್ತದೆ. ಒಂದು ಗಟ್ಟಿಯಾದ ಮೇಲೆ ಇನ್ನೊಂದಕ್ಕೆ ಹೋಗಿ.

ಈಗ ರೂಟಿಗೆ ಬರೋಣ. ಅದನ್ನು ಪಟ್ಟಿಯಿಂದ ಎತ್ತಬೇಡಿ, ನಿಮ್ಮ ನಾಲಿಗೆ ಮೇಲೆ ಆಗಲೇ ಇರುವ ಪದದಿಂದ ಎತ್ತಿ. ಬಸ್ಸಿನಲ್ಲಿ ಟಿಕೆಟ್ ನೋಡೋಕೆ ಒಬ್ಬರು ಹತ್ತುತ್ತಾರಲ್ಲ, ಇನ್‌ಸ್ಪೆಕ್ಟರ್? ಆ ಪದವನ್ನು ಒಡೆಯಿರಿ. ‘ಇನ್’ ಅಂದರೆ ಒಳಗೆ. ‘ಸ್ಪೆಕ್ಟ್’ ಲ್ಯಾಟಿನ್ನಿಂದ ಬಂದದ್ದು, ನೋಡು ಅಂತ ಅರ್ಥ. ಒಳಹೊಕ್ಕು ನೋಡುವವನು ಇನ್‌ಸ್ಪೆಕ್ಟರ್.

ಇದೇನೂ ನಮಗೆ ಹೊಸದಲ್ಲ. ಇನ್‌ಸ್ಪೆಕ್ಟರಿಗೆ ಕನ್ನಡದಲ್ಲಿ ನಿರೀಕ್ಷಕ ಅನ್ನುತ್ತೇವೆ. ಆ ಪದದೊಳಗೆ ಸಂಸ್ಕೃತದ ‘ಈಕ್ಷ್’ ಇದೆ. ಅದಕ್ಕೂ ನೋಡು ಅಂತಲೇ ಅರ್ಥ. ‘ಪರಿ’ ಸೇರಿದರೆ ಪರೀಕ್ಷೆ, ‘ಸಮ್’ ಸೇರಿದರೆ ಸಮೀಕ್ಷೆ, ‘ಪ್ರ’ ಸೇರಿದರೆ ಪ್ರೇಕ್ಷಕ. ಇನ್‌ಸ್ಪೆಕ್ಟರ್, ನಿರೀಕ್ಷಕ ಎರಡೂ ಹುಟ್ಟಿನಿಂದ ನೆಂಟರಲ್ಲ, ಆದರೆ ಕಟ್ಟಿರುವ ರೀತಿ ಒಂದೇ. ಮುಂದೆ ಒಂದು ತುಂಡು, ಹಿಂದೆ ‘ನೋಡು’. ಕನ್ನಡದಲ್ಲಿ ನೀವು ಯೋಚನೆ ಮಾಡದೆ ಬಳಸುವ ಲೆಕ್ಕವನ್ನೇ ಇಂಗ್ಲಿಷಿಗೂ ಹಾಕಿ.

‘ರಿ’ ಅಂದರೆ ಹಿಂದಕ್ಕೆ ಅಥವಾ ಮತ್ತೆ. ಬೀದಿಯಲ್ಲಿ ಹಳೇ ಮೇಷ್ಟ್ರು ಎದುರಾದರೆ ತಿರುಗಿ ನೋಡುತ್ತೀವಲ್ಲ, ಅದು ರೆಸ್ಪೆಕ್ಟ್. ‘ಎಕ್ಸ್’ ಅಂದರೆ ಹೊರಗೆ. ಯಾರೋ ಬರಬೇಕು, ಬಾಗಿಲಲ್ಲಿ ನಿಂತು ಹೊರಗೆ ನೋಡುತ್ತಿದ್ದೀರಿ. ಅದು ಎಕ್ಸ್‌ಪೆಕ್ಟ್. ಎಕ್ಸ್ ಅಕ್ಷರದಲ್ಲೇ ಎಸ್ ಸದ್ದು ಇರುವುದರಿಂದ ಸ್ಪೆಕ್ಟ್‌ನ ಎಸ್ ಇಲ್ಲಿ ಬಿದ್ದುಹೋಗಿದೆ. ಕನ್ನಡದಲ್ಲೂ ಇದು ನಿರೀಕ್ಷೆ, ನಿರೀಕ್ಷಕನ ಮನೆಯದೇ ಪದ! ‘ಸಬ್’ ಅಂದರೆ ಕೆಳಗಿನಿಂದ. ಅದು ‘ಸಸ್’ ಆಗಿ ಸಸ್ಪೆಕ್ಟ್ ಹುಟ್ಟಿತು. ತಲೆ ತಗ್ಗಿಸಿ, ಕಣ್ಣು ಮಾತ್ರ ಮೇಲೆತ್ತಿ ಒಬ್ಬನನ್ನು ನೋಡಿ. ಅನುಮಾನದ ನೋಟ ಅದೇ ಅಲ್ವಾ? ‘ಪ್ರೊ’ ಅಂದರೆ ಮುಂದಕ್ಕೆ. ಕಾಲೇಜು ಸೇರುವ ಮೊದಲು ಮುಂದಿನದನ್ನು ನೋಡಿಕೊಳ್ಳುವ ಪುಸ್ತಕ ಪ್ರಾಸ್ಪೆಕ್ಟಸ್. ಒಂದು ವಾರಕ್ಕೆ ಈ ಐದು ಪದ ಸಾಕು.

ಇಲ್ಲಿಗೆ ನಿಲ್ಲಿಸಿದರೆ ಪದ ಗೊತ್ತಿರುತ್ತದೆ, ಆದರೆ ಬಳಸೋಕೆ ಬರುವುದಿಲ್ಲ. ‘ಅವನ ಮೇಲೆ ಅನುಮಾನ’ ಅನ್ನುವ ಅಭ್ಯಾಸದಲ್ಲಿ ನಾವು ‘ಸಸ್ಪೆಕ್ಟ್ ಆನ್ ಹಿಮ್’ ಅಂದುಬಿಡುತ್ತೇವೆ. ಇಂಗ್ಲಿಷಿನಲ್ಲಿ ‘ಆನ್’ ಬೇಡ, ‘ಐ ಸಸ್ಪೆಕ್ಟ್ ಹಿಮ್’ ಅಷ್ಟೇ. ಇನ್ನೂ ದೊಡ್ಡ ಗುಂಡಿ ‘ಡೌಟ್’. ನಮಗೆ ಎರಡೂ ಅನುಮಾನವೇ. ಆದರೆ ‘ಐ ಸಸ್ಪೆಕ್ಟ್ ಹಿ ಟುಕ್ ದ ಮನಿ’ ಅಂದರೆ ಅವನೇ ದುಡ್ಡು ತೆಗೆದಿರಬೇಕು ಅಂತ. ‘ಐ ಡೌಟ್ ಹಿ ಟುಕ್ ದ ಮನಿ’ ಅಂದರೆ ಅವನು ತೆಗೆದಿರಲಿಕ್ಕಿಲ್ಲ ಅಂತ. ಪೂರ್ತಿ ಉಲ್ಟಾ. ಇದನ್ನು ಯಾವ ರೂಟೂ ಹೇಳಿಕೊಡಲ್ಲ, ವಾಕ್ಯವೇ ಹೇಳಿಕೊಡಬೇಕು.

ರೂಟ್ ಮೋಸವನ್ನೂ ಮಾಡುತ್ತದೆ. ಪೆಟ್ರೋಲ್ ಟ್ಯಾಂಕರಿನ ಹಿಂದೆ ‘ಹೈಲಿ ಇನ್‌ಫ್ಲೇಮಬಲ್’ ಅಂತ ಬರೆದಿರುವುದನ್ನು ನೋಡಿರುತ್ತೀರಿ. ‘ಇನ್‌ಕರೆಕ್ಟ್’ನಲ್ಲಿ ‘ಇನ್’ ಅಂದರೆ ಅಲ್ಲ. ಅದೇ ಲೆಕ್ಕ ಇಲ್ಲಿ ಹಾಕಿದರೆ ಬೆಂಕಿ ಹೊತ್ತಿಕೊಳ್ಳದ ವಸ್ತು ಅಂತಾಗುತ್ತದೆ! ನಿಜವಾದ ಅರ್ಥ ಬೇಗ ಹೊತ್ತಿಕೊಳ್ಳುತ್ತದೆ ಅಂತ. ಈ ‘ಇನ್’ ಇನ್‌ಸ್ಪೆಕ್ಟರಿನ ‘ಇನ್’ ಥರದ್ದು. ಸೈಕಲ್ಲಿನ ಪೆಡಲ್ ಕೂಡ ಹೀಗೇ ದಾರಿ ತಪ್ಪಿಸುತ್ತದೆ. ಅದರಲ್ಲಿರುವುದು ಲ್ಯಾಟಿನ್ನಿನ ಪಾದ. ಹಾಗಂತ ಪೀಡಿಯಾಟ್ರಿಷನ್ ಕಾಲಿನ ಡಾಕ್ಟರ್ ಅಲ್ಲ, ಮಕ್ಕಳ ಡಾಕ್ಟರ್. ಅಲ್ಲಿರುವುದು ಮಗು ಅನ್ನುವ ಗ್ರೀಕ್ ಪದ. ಹಾಗಾಗಿ ರೂಟಿನಿಂದ ಊಹೆ ಮಾಡಿ, ಆಮೇಲೆ ಡಿಕ್ಷನರಿಯಲ್ಲಿ ನೋಡಿ ಖಚಿತ ಮಾಡಿಕೊಳ್ಳಿ.

ಪದ ನಿಮ್ಮದಾಯಿತೋ ಇಲ್ಲವೋ ಅಂತ ತಿಳಿಯೋಕೆ ಪಟ್ಟಿ ಮುಚ್ಚಿಡಿ. ‘ಇಷ್ಟು ಬೇಗ ಬರ್ತೀರಿ ಅಂದುಕೊಂಡಿರಲಿಲ್ಲ’ ಅಂತ ಕನ್ನಡದಲ್ಲಿ ಬರೆದುಕೊಂಡು ಅದನ್ನು ಇಂಗ್ಲಿಷಿನಲ್ಲಿ ಹೇಳಿ. ‘ಐ ಡಿಡ್‌ನಾಟ್ ಎಕ್ಸ್‌ಪೆಕ್ಟ್ ಯು ಸೋ ಅರ್ಲಿ’ ಅಂತ ತಡವರಿಸದೆ ಬಂದರೆ ಆಯಿತು. ಮರುದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ ಹೀಗೆ ಹೇಳಿ ನೋಡಿ. ಇಂಗ್ಲಿಷ್ ಪದ ನೋಡಿ ಅರ್ಥ ಹೇಳುವುದು ಸುಲಭ. ನೀವು ಹತ್ತು ಪದ ಬಾಯಿಪಾಠ ಮಾಡುವಾಗ ಸುಮ್ನೆ ಅದನ್ನೇ ಮಾಡುತ್ತಿದ್ದಿರಿ ಅನ್ನಿಸುತ್ತದೆ.

ಇನ್‌ಸ್ಪೆಕ್ಟರ್ ಬಸ್ಸಿಂದ ಇಳಿದ ಮೇಲೆ ಕಂಡಕ್ಟರನ್ನು ಹಿಡಿಯಿರಿ. ಅಲ್ಲಿರುವ ‘ಡಕ್ಟ್’ ಅಂದರೆ ಕರೆದೊಯ್ಯು. ‘ಪ್ರೊ’, ‘ರಿ’ ನಿಮಗೆ ಆಗಲೇ ಗೊತ್ತು. ಪ್ರಾಡಕ್ಟ್, ರೆಡ್ಯೂಸ್ ಎರಡನ್ನೂ ನೀವೇ ಒಡೆದು ನೋಡಿ. ಎರಡನೆಯದರಲ್ಲಿ ಕೊನೆಯ ಟಿ ಕಾಣುವುದಿಲ್ಲ, ಗಾಬರಿಯಾಗಬೇಡಿ.