ಎಂಡಾರ್ಸ್‌ಮೆಂಟ್: ದೊಡ್ಡವರ ಪತ್ರ ಅಲ್ಲ

ಬ್ರಿಟನ್ನಿನಲ್ಲಿ ಹೊಸ ಉದ್ಯಮ ಶುರುಮಾಡುವವರಿಗಿರುವ ಇನ್ನೊವೇಟರ್ ಫೌಂಡರ್ ವೀಸಾದ ಮಾತು ಬಂದರೆ ಸಾಕು, ಯಾರಾದರೂ ಹೇಳಿಯೇ ಹೇಳುತ್ತಾರೆ: "ಪರಿಚಯದ ಇನ್ವೆಸ್ಟರ್ ಹತ್ರ ಒಂದು ಎಂಡಾರ್ಸ್‌ಮೆಂಟ್ ಬರೆಸ್ಕೊಳ್ಳಿ." ಸ್ವಾಮಿ, ಅದು ಎಂಡಾರ್ಸ್‌ಮೆಂಟ್ ಅಲ್ಲ. ಹಳೆ ಬಾಸ್, ಪ್ರೊಫೆಸರ್, ಇನ್ವೆಸ್ಟರ್ ಯಾರೇ ಬರೆದರೂ ಅದು ಬಿಸಿನೆಸ್ ಪ್ಲಾನ್ ಜೊತೆ ಲಗತ್ತಿಸುವ ಒಂದು ಕಾಗದ, ಅಷ್ಟೇ. ಇಲ್ಲಿ ಎಂಡಾರ್ಸ್‌ಮೆಂಟ್ ಅಂದರೆ ಪರೀಕ್ಷೆಯ ಫಲಿತಾಂಶ. ಗೃಹ ಇಲಾಖೆಯಾದ ಹೋಮ್ ಆಫೀಸ್ ಅನುಮತಿ ಕೊಟ್ಟ ಬೆರಳೆಣಿಕೆಯ ಸಂಸ್ಥೆಗಳು ಮಾತ್ರ ಅದನ್ನು ಕೊಡಬಹುದು. ಪ್ಲಾನ್ ನೋಡಲು ಅವು 1,000 ಪೌಂಡ್ ಶುಲ್ಕ ತಗೊಳ್ಳುತ್ತವೆ. ಪಾಸಾಗುವ ಖಾತ್ರಿ ಅದರಲ್ಲಿ ಸೇರಿಲ್ಲ.

ಕೈಯಲ್ಲಿ ದುಡ್ಡಿದ್ದರೆ ನಡೆಯುತ್ತೆ ಅನ್ನುವವರೂ ಇದ್ದಾರೆ. 20 ಲಕ್ಷ ಪೌಂಡ್ ಹೂಡುವವರಿಗಿದ್ದ ಇನ್ವೆಸ್ಟರ್ ವೀಸಾ 2022ರ ಫೆಬ್ರವರಿಯಲ್ಲೇ ಮುಚ್ಚಿತು. 2023ರ ಏಪ್ರಿಲ್‌ನಲ್ಲಿ ಈಗಿನ ವೀಸಾ ಬಂದಾಗ, ಅದಕ್ಕೂ ಮುಂಚಿನ ಇನ್ನೊವೇಟರ್ ವೀಸಾದಲ್ಲಿದ್ದ, 50,000 ಪೌಂಡ್ ಹೂಡಬೇಕೆಂಬ ಷರತ್ತೂ ಹೋಯಿತು. ಈಗ ನೋಡುವುದು ಮೂರೇ: ಯೋಚನೆ ಹೊಸದೇ, ಕೈಗೂಡುತ್ತದೆಯೇ, ಬೆಳೆಯುತ್ತದೆಯೇ.

ಒಂದು ಪ್ಲಾನ್ ಕಲ್ಪಿಸಿಕೊಳ್ಳಿ. ಬೆಂಗಳೂರಿನ ಎಂಜಿನಿಯರ್ ಒಬ್ಬರು ಲಂಡನ್ನಿನ ಸಣ್ಣ ಹೋಟೆಲ್‌ಗಳಿಗೆ ಆರ್ಡರ್ ಆ್ಯಪ್ ಮಾಡುತ್ತಾರಂತೆ. ಮೊದಲ ಪೆಟ್ಟು ಇಲ್ಲೇ. ಅಂಥ ಆ್ಯಪ್ ಅಲ್ಲಿ ಬೇಕಾದಷ್ಟಿವೆ. "ನಮ್ಮದು ಕಡಿಮೆ ಬೆಲೆ" ಅಂದರೆ ಅದು ಹೊಸತನ ಆಗಲ್ಲ. ಅದನ್ನೇ ಬದಲಿಸಿ, ಹೋಟೆಲ್‌ನ ಕೋಲ್ಡ್ ರೂಮ್ ಕಂಪ್ರೆಸರ್ ಕೆಡುವ ಮುಂಚೆಯೇ ಎಚ್ಚರಿಸುವ ಸೆನ್ಸರ್ ಅಂತ ಬರೆದರು ಅನ್ನಿ. ಈಗ ಓದುವವರು ಮುಂದಿನ ಪುಟ ತಿರುಗಿಸುತ್ತಾರೆ. ಅಲ್ಲಿ ಮೊದಲ ವರ್ಷ 12 ಗ್ರಾಹಕರು, ಎರಡನೇ ವರ್ಷ 400. ಆದರೆ ಸಂಬಳದ ಪಟ್ಟಿಯಲ್ಲಿ ಮಾರಾಟಕ್ಕೆ ಒಬ್ಬನೇ, ಸೆನ್ಸರ್ ಜೋಡಿಸಲು ಯಾರೂ ಇಲ್ಲ! ಕೈಗೂಡುವುದಿಲ್ಲ ಅನ್ನಲು ಇಷ್ಟು ಸಾಕು. ಎರಡು ಹೋಟೆಲ್‌ಗಳಲ್ಲಿ ಸೆನ್ಸರ್ ಇಟ್ಟು ನೋಡಿದ ದಾಖಲೆ, ಜೋಡಿಸುವವರ ಖರ್ಚು, ಬೇರೆ ಊರು ಮತ್ತು ದೇಶಗಳಿಗೆ ಹೋಗುವ ದಾರಿ, ಯಾವಾಗ ಎಷ್ಟು ಜನರಿಗೆ ಕೆಲಸ ಕೊಡುತ್ತೀರಿ, ಇವೆಲ್ಲ ಒಂದಕ್ಕೊಂದು ತಾಳೆಯಾಗಬೇಕು.

ಪ್ಲಾನ್ ನಿಮ್ಮದೇ ಆಗಿರಬೇಕು, ಅಥವಾ ಅದರಲ್ಲಿ ನಿಮ್ಮ ಪಾಲು ದೊಡ್ಡದಿರಬೇಕು. ಏಜೆಂಟ್ ಬರೆದುಕೊಟ್ಟದ್ದು ಬೇಗ ಸಿಕ್ಕಿಬೀಳುತ್ತದೆ. "ತಿಂಗಳಿಗೆ 30 ಪೌಂಡ್ ಯಾಕೆ, 45 ಯಾಕಲ್ಲ?" ಅಂತ ಕೇಳಿದರೆ ಸಾಕು, ಮನುಷ್ಯ ತಬ್ಬಿಬ್ಬು.

ಎಂಡಾರ್ಸ್‌ಮೆಂಟ್ ಪತ್ರ ಸಿಕ್ಕಿದ ಮೇಲೂ ವೀಸಾ ಕೊಡುವುದು ಹೋಮ್ ಆಫೀಸ್. ಪತ್ರ ಮೂರು ತಿಂಗಳಿಗಿಂತ ಹಳೆಯದಿರಬಾರದು. ಇಂಗ್ಲಿಷ್, ಖರ್ಚಿಗೆ ಹಣ, ಹಳೆ ವೀಸಾ ಚರಿತ್ರೆ ಎಲ್ಲ ಅವರೇ ನೋಡುತ್ತಾರೆ. ಅನುಮಾನ ಬಂದರೆ ಸಂದರ್ಶನಕ್ಕೂ ಕರೆಯಬಹುದು.

ವೀಸಾ ಮೂರು ವರ್ಷದ್ದು. ಆ ಅವಧಿಯಲ್ಲಿ ಪತ್ರ ಕೊಟ್ಟ ಸಂಸ್ಥೆಯೇ ಕಡಿಮೆಯೆಂದರೆ ಎರಡು ಸಲ ಕೂರಿಸಿ ಕೆಲಸ ಎಲ್ಲಿಗೆ ಬಂತು ಅಂತ ಕೇಳುತ್ತದೆ. ಅದಕ್ಕೂ ಪ್ರತಿ ಸಲ 500 ಪೌಂಡ್. ಪ್ಲಾನ್ ಪ್ರಕಾರ ಏನೂ ನಡೆದಿಲ್ಲ, ಸರಿಯಾದ ಕಾರಣವೂ ಇಲ್ಲ ಅಂತಾದರೆ ಎಂಡಾರ್ಸ್‌ಮೆಂಟ್ ವಾಪಸ್ ಪಡೆಯಬಹುದು. ಆಗ ವೀಸಾವನ್ನೂ ಮೊಟಕುಗೊಳಿಸುವ ಅಧಿಕಾರ ಹೋಮ್ ಆಫೀಸಿಗಿದೆ.