ಸ್ಕೂಟಿ ಸದ್ದಿಗೆ ಎತ್ತುವ ತಲೆ

ಕಲಬುರಗಿ ಬಸ್ ನಿಲ್ದಾಣದ ಹತ್ತಿರದ ಗೋಡೆಯೊಂದರ ಮೇಲೆ ಒಂದು ಚೀಟಿ ಅಂಟಿಸಿದ್ದರು. ಪ್ರೀತಿಯಲ್ಲಿ ಸೋತವರಿಗೆ ವಶೀಕರಣ, 48 ದಿನದಲ್ಲಿ ಗ್ಯಾರಂಟಿ, ಕೆಳಗೊಂದು ಫೋನ್ ನಂಬರ್. ನಮ್ಮ ಮಹಡಿ ಕೋಣೆಯಲ್ಲಿ ಬಾಡಿಗೆಗಿರುವ ಹುಡುಗ ಆ ಚೀಟಿಯ ಫೋಟೊ ತೆಗೆದು ಇಟ್ಟುಕೊಂಡಿದ್ದ. ಅವನನ್ನು ಸಿದ್ದು ಅಂತ ಕರೆಯೋಣ. ಒಂದು ಸಂಜೆ ಫೋನ್ ತೋರಿಸಿ, "ಇದು ಖರೇನ ಕೆಲಸ ಮಾಡ್ತದೇನ್ರಿ ಸರ್?" ಅಂದ.

ನಾನು ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿದವನು. ಸಿಟ್ಟು ಬಂತು. ಆದರೆ ಅವನ ಮುಖ ನೋಡಿ ಬೈಯಲು ಮನಸ್ಸಾಗಲಿಲ್ಲ.

ಸಿದ್ದು ಕಪನೂರು ಕಡೆಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾನೆ. ಲಾರಿ ಬಿಲ್ ಮಾಡುವ ಹುಡುಗಿ ಎದುರಿನ ಟೇಬಲ್. ಎರಡು ವರ್ಷದ ದೋಸ್ತಿ. ದಸರಾ ಮುಗಿದ ಮೇಲೆ ಇವನು ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಟ್ಟಿದ್ದ. ಆಕೆ, "ನಾ ನಿಮ್ಮನ್ನ ಹಂಗ ನೋಡಿಲ್ರಿ. ದೋಸ್ತಿ ಮಾತ್ರ ಇರಲಿ" ಅಂದಿದ್ದರು. ಉತ್ತರ ಸ್ಪಷ್ಟವಾಗಿತ್ತು. ಅದಾಗಿ ಎರಡು ತಿಂಗಳಾದರೂ ಬೆಳಗ್ಗೆ ಒಂಬತ್ತೂವರೆಗೆ ಗೇಟಿನಲ್ಲಿ ಆಕೆಯ ಸ್ಕೂಟಿ ಸದ್ದಾದರೆ ಇವನ ತಲೆ ತಾನಾಗಿ ಮೇಲೇಳುತ್ತಿತ್ತು. ಎದೆ ಡವಡವ. "ನಾ ಬ್ಯಾಡ ಅಂದ್ರೂ ತಲಿ ಏಳ್ತದ್ರಿ" ಅಂತ ಅವನ ದೂರು.

ಈ ತಲೆ ಏಳುವುದರ ಹಿಂದೆ ಏನಿದೆ ಅನ್ನುವುದು ನನ್ನ ಅಚ್ಚುಮೆಚ್ಚಿನ ವಿಷಯ. ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಡೋಪಮೈನ್ ಅಂದರೆ ಮೆದುಳಿನ ಖುಷಿಯ ರಾಸಾಯನಿಕ ಅಂತ ಎಲ್ಲ ಕಡೆ ಬರೆಯುತ್ತಾರೆ. ಓದಿದಾಗಲೆಲ್ಲ ನನಗೆ ಕಿರಿಕಿರಿ. ಅದು ಮಾಡುವ ಒಂದು ದೊಡ್ಡ ಕೆಲಸ ಲೆಕ್ಕದ್ದು. ಸಿದ್ದುವಿನ ಕೆಲಸವೇ ಅನ್ನಿ. ಎಷ್ಟು ಸಿಗಬಹುದು ಅಂದುಕೊಂಡಿದ್ದೆ, ಎಷ್ಟು ಸಿಕ್ಕಿತು, ವ್ಯತ್ಯಾಸ ಎಷ್ಟು? ಅಷ್ಟೇ. ರೈತ ತೊಗರಿ ಹೇರಿಕೊಂಡು ಗಂಜ್‌ಗೆ ಹೋಗುತ್ತಾನೆ. ಕ್ವಿಂಟಲ್‌ಗೆ 8,000 ಬರಬಹುದು ಅಂದುಕೊಂಡಿದ್ದಾನೆ, 8,000 ಬರುತ್ತದೆ. ವಿಶೇಷ ಏನಿಲ್ಲ, ರೊಕ್ಕ ಎಣಿಸಿಕೊಂಡು ಮನೆಗೆ ಬರುತ್ತಾನೆ. ಅದೇ 9,000 ಬಂದರೆ ದಾರಿಯುದ್ದಕ್ಕೂ ಹಾಡು. 7,000 ಆದರೆ ಊಟ ಸೇರುವುದಿಲ್ಲ. ಮೂರೂ ಸಲ ಕೈಗೆ ಹಣ ಬಂದಿದೆ. ಮನಸ್ಸು ಓದಿದ್ದು ಹಣವನ್ನಲ್ಲ, ವ್ಯತ್ಯಾಸವನ್ನು.

ಇದನ್ನು ನರಕೋಶದಲ್ಲಿ ಕಂಡವರು ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಜ್. ಮಂಗಗಳ ಬಾಯಿಗೆ ಒಂದೊಂದು ಹನಿ ಹಣ್ಣಿನ ರಸ ಬಿಟ್ಟು, ಅವುಗಳ ಡೋಪಮೈನ್ ನರಕೋಶಗಳ ಮಿಡಿತ ಅಳೆದರು. ಮೊದಮೊದಲು ರಸ ಬಿದ್ದಾಗ ಕೋಶಗಳು ಜೋರಾಗಿ ಮಿಡಿದವು. ಆಮೇಲೆ ರಸಕ್ಕಿಂತ ಮುಂಚೆ ಒಂದು ಸೂಚನೆ ಕೊಡುತ್ತ ಬಂದರು. ಮಂಗ ಅದನ್ನು ಕಲಿತ ಮೇಲೆ ಮಿಡಿತ ರಸದಿಂದ ಸೂಚನೆಗೆ ಜಿಗಿಯಿತು. ಸೂಚನೆ ಬಂದಾಗ ಮಿಡಿತ, ರಸ ಬಂದಾಗ ಸುಮ್ನೆ. ಸೂಚನೆ ಬಂದು ರಸ ಬಾರದೆ ಹೋದರೆ, ರಸ ಬರಬೇಕಿದ್ದ ಸರಿಯಾದ ಗಳಿಗೆಯಲ್ಲಿ ಮಿಡಿತ ಮಾಮೂಲಿಗಿಂತ ಕೆಳಗೆ ಕುಸಿಯಿತು. ಶುಲ್ಟ್ಜ್, ಡಯಾನ್, ಮಾಂಟೆಗ್ಯೂ ಮೂವರು ಸೇರಿ 1997ರಲ್ಲಿ ಇದಕ್ಕೊಂದು ಗಣಿತದ ರೂಪವನ್ನೂ ಕೊಟ್ಟರು.

ಸಿದ್ದುವಿಗೆ ಸ್ಕೂಟಿ ಸದ್ದೇ ಆ ಸೂಚನೆ. ಆಕೆ ನಕ್ಕು ಮಾತಾಡಿಸುವುದು ರಸ.

ಆದರೆ ಆಕೆ ಬೇಡ ಅಂದಮೇಲೂ ಇದು ಯಾಕೆ ನಿಲ್ಲಲಿಲ್ಲ? 2003ರಲ್ಲಿ ಫಿಯೊರಿಲ್ಲೊ, ಟೋಬ್ಲರ್ ಮತ್ತು ಶುಲ್ಟ್ಜ್ ಇನ್ನೊಂದು ಪ್ರಯೋಗ ಮಾಡಿದರು. ಒಂದು ಸೂಚನೆಯ ನಂತರ ರಸ ಯಾವಾಗಲೂ ಬರುತ್ತಿತ್ತು. ಇನ್ನೊಂದರ ನಂತರ ಬರುತ್ತಲೇ ಇರಲಿಲ್ಲ. ಮತ್ತೊಂದರ ನಂತರ ಎರಡು ಸಲಕ್ಕೊಮ್ಮೆಯಂತೆ, ಯಾವಾಗ ಅಂತ ಹೇಳಲಾಗದ ಹಾಗೆ ಬರುತ್ತಿತ್ತು. ಈ ಅರ್ಧಕ್ಕರ್ಧದ ಸೂಚನೆಯಲ್ಲಿ, ಕಾಯುವ ಹೊತ್ತಿನ ಉದ್ದಕ್ಕೂ ಕೋಶಗಳ ಮಿಡಿತ ಏರುತ್ತ ಹೋಯಿತು. ಆ ಏರಿಕೆ ಜಾಸ್ತಿ ಕಂಡದ್ದು ಅಲ್ಲೇ. ಅದರ ಅರ್ಥ ಏನು ಅನ್ನುವುದರ ಬಗ್ಗೆ ತಜ್ಞರಲ್ಲಿ ಜಗಳ ಇದೆ. ಆದರೆ ಕಾಯುವವನ ಪಾಡು ನಮ್ಮ ರೈತರಿಗೆ ಗೊತ್ತು. ಏಪ್ರಿಲ್‌ನಲ್ಲಿ ಯಾರೂ ಆಕಾಶ ನೋಡುವುದಿಲ್ಲ, ಮಳೆ ಬರುವುದಿಲ್ಲ ಅಂತ ಗೊತ್ತು. ಜಡಿಮಳೆ ಹಿಡಿದಾಗಲೂ ನೋಡುವುದಿಲ್ಲ. ಮಿರಗ ಮಳೆಯ ಹೊತ್ತಿಗೆ ಮೋಡ ಬಂದು ಬಂದು ಹೋಗುತ್ತವಲ್ಲ, ಆಗ ಕತ್ತು ನೋಯುವವರೆಗೆ ನೋಡುತ್ತಾರೆ. ಕರೆಂಟ್ ಇಡೀ ದಿನ ಇಲ್ಲ ಅಂತ ಮೊದಲೇ ಹೇಳಿಬಿಟ್ಟರೆ ಹೊರಗೆ ಕಟ್ಟೆಯ ಮೇಲೆ ಆರಾಮಾಗಿ ಕೂರುತ್ತೇವೆ. ಬಂದು ಹೋಗಿ ಮಾಡಿದರೆ ಫ್ಯಾನ್ ನೋಡುತ್ತಲೇ ಇರುತ್ತೇವೆ, ಅಲ್ವಾ?

ಸಿದ್ದುವಿಗೆ ಒಂದು ಸಣ್ಣ ನೋಟ್‌ಬುಕ್ ಕೊಟ್ಟೆ. ಎರಡು ವಾರ ಬರೆ ಅಂದೆ. ಲೆಕ್ಕದ ಹುಡುಗ, ಚಂದ ಬರೆದ. ಮಿಲ್ ನಡೆದದ್ದು 12 ದಿನ. ಅದರಲ್ಲಿ 5 ದಿನ ಆಕೆ ತಾವಾಗಿ ನಕ್ಕು ಮಾತಾಡಿದ್ದರು, ಚಾ ಕುಡಿಯಲು ಕರೆದಿದ್ದರು. 7 ದಿನ ಬಿಲ್ಲಿನ ಮಾತಷ್ಟೇ. ಯಾವ ದಿನ ಯಾವುದು ಅನ್ನುವುದಕ್ಕೆ ಲೆಕ್ಕವೇ ಸಿಗಲಿಲ್ಲ. ಲಾರಿ ಜಾಸ್ತಿ ಬಂದ ದಿನ ಆಕೆಗೆ ಪುರುಸೊತ್ತಿಲ್ಲ, ಅಷ್ಟೇ ಇರಬಹುದು. ಇವನ ತಲೆಗೆ ಮಾತ್ರ ಅದು ಅರ್ಧಕ್ಕರ್ಧದ ಸೂಚನೆಯೇ ಆಗಿತ್ತು.

ಇದರಲ್ಲಿ ಆಕೆಯ ತಪ್ಪು ಒಂದಿಷ್ಟೂ ಇಲ್ಲ. "ಆಸಿ ತೋರಿಸಿ ಬಿಟ್ಟಾರ್ರಿ" ಅಂತ ಸಿದ್ದು ಒಮ್ಮೆ ಅಂದ. 1993ರಲ್ಲಿ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು ಒಮ್ಮುಖ ಪ್ರೀತಿಯ ಎರಡೂ ಕಡೆಯ ಕಥೆಗಳನ್ನು ಬರೆಸಿ ಹೋಲಿಸಿದ್ದರು. ಪ್ರೀತಿಸಿದವರು ಬರೆದದ್ದು ಇದನ್ನೇ: ನನಗೆ ಆಸೆ ತೋರಿಸಿದರು, ಇಲ್ಲ ಅಂತ ಸರಿಯಾಗಿ ಹೇಳಲೇ ಇಲ್ಲ. ಬೇಡ ಅಂದವರ ಕಥೆಗಳಲ್ಲಿ, ತಮ್ಮದೇನೂ ತಪ್ಪಿಲ್ಲ ಅಂತ ಬರೆದವರಲ್ಲೂ, ಒಬ್ಬರನ್ನು ನೋಯಿಸಿದೆನಲ್ಲ ಅನ್ನುವ ಕಸಿವಿಸಿ ಇತ್ತು. ಆ ಕಸಿವಿಸಿಗೇ ಮನುಷ್ಯರು ಮರುದಿನ ಸ್ವಲ್ಪ ಮೆತ್ತಗೆ ಮಾತಾಡುತ್ತಾರೆ ಅಂತ ನನ್ನ ಅನಿಸಿಕೆ. ಕಾಯುವವನು ಆ ಮೆತ್ತನೆಯ ಮಾತನ್ನು ಬೇರೆ ಖಾತೆಗೆ ಬರೆದುಕೊಳ್ಳುತ್ತಾನೆ.

ಮಂಗದ ರಸಕ್ಕೂ ಮನುಷ್ಯರ ಪ್ರೀತಿಗೂ ಎಲ್ಲಿಯ ಸಂಬಂಧ ಅಂತ ನೀವು ಕೇಳಬಹುದು. ನ್ಯಾಯವೇ. ಹೆಲೆನ್ ಫಿಶರ್ ತಂಡ 2010ರಲ್ಲಿ, ಸಂಗಾತಿ ಬಿಟ್ಟುಹೋದರೂ ಪ್ರೀತಿ ಬಿಡದ 15 ಜನರಿಗೆ ಆ ಸಂಗಾತಿಯ ಫೋಟೊ ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿತ್ತು. ಡೋಪಮೈನ್ ಕೋಶಗಳಿರುವ ನಡುಮೆದುಳಿನ ಭಾಗ ಆಗಲೂ ಚುರುಕಾಗಿತ್ತು. 15 ಜನ ಅಂದರೆ ಬಹಳ ಕಡಿಮೆ, ಅವರದ್ದು ಒಮ್ಮುಖ ಪ್ರೀತಿಯೂ ಅಲ್ಲ. ಆದರೂ "ಇಲ್ಲ" ಅನ್ನುವ ಮಾತು ಕಿವಿಗೆ ಮುಟ್ಟಿದಷ್ಟು ಬೇಗ ಅಲ್ಲಿಗೆ ಮುಟ್ಟುವುದಿಲ್ಲ ಅಂತ ಅದರಿಂದ ತಿಳಿಯುತ್ತದೆ.

ಈಗ ಆ 48 ದಿನದ ಸ್ವಾಮಿಗೆ ಬರೋಣ. 1948ರಲ್ಲಿ ಬಿ.ಎಫ್. ಸ್ಕಿನ್ನರ್ 8 ಹಸಿದ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟರು. ಅವು ಏನೇ ಮಾಡಲಿ, ಬಿಡಲಿ, ನಿಗದಿತ ಹೊತ್ತಿಗೊಮ್ಮೆ ಕಾಳು ಬರುತ್ತಿತ್ತು. ಸ್ವಲ್ಪ ಹೊತ್ತಿನಲ್ಲೇ 6 ಹಕ್ಕಿಗಳು ವಿಚಿತ್ರ ಆಟ ಶುರು ಮಾಡಿದವು. ಒಂದು ಗಿರಗಿರ ಸುತ್ತಿತು, ಒಂದು ಪೆಟ್ಟಿಗೆಯ ಮೂಲೆಗೆ ತಲೆ ಚಾಚಿತು. ತಾವು ಸುತ್ತಿದ್ದಕ್ಕೇ ಕಾಳು ಬಂತು ಅನ್ನುವ ಹಾಗೆ! ಸ್ಕಿನ್ನರ್ ಇದನ್ನು ಮೂಢನಂಬಿಕೆಗೆ ಹೋಲಿಸಿದರು. ಆಮೇಲೆ ಬಂದವರು ಆ ವಿವರಣೆಯನ್ನು ಪ್ರಶ್ನಿಸಿದ್ದಾರೆ, ಅದು ಬೇರೆ ಮಾತು. ಸಿದ್ದುವಿನ ನೋಟ್‌ಬುಕ್ ನೋಡಿ. ಯಾವ ಮಂತ್ರವೂ ಇಲ್ಲದೆ ಆಕೆ 12 ದಿನದಲ್ಲಿ 5 ಸಲ ನಕ್ಕಿದ್ದಾರೆ. 48 ದಿನದಲ್ಲಿ ಒಮ್ಮೆಯೂ ನಗದೆ ಇರುತ್ತಾರೆಯೇ? ನಕ್ಕ ದಿನ ಅದು ಸ್ವಾಮಿಯ ಲೆಕ್ಕಕ್ಕೆ ಜಮಾ. ರೊಕ್ಕ ಹೋಗುವುದು ಒಂದು ಕಡೆ ಇರಲಿ. ಮುಗಿಯಬೇಕಿದ್ದ ಕಾಯುವಿಕೆಗೆ ಆ ಚೀಟಿ ಇನ್ನೂ 48 ದಿನ ಸೇರಿಸುತ್ತದೆ. ನನ್ನ ಸಿಟ್ಟು ಅದಕ್ಕೆ.

ಹಾಗಾದರೆ ಮನಸ್ಸು ಇಳಿಯುವುದು ಹೇಗೆ? ಸಿದ್ದು ರಜೆ ಹಾಕಿ ಆಳಂದದ ಕಡೆ ತನ್ನ ಊರಿಗೆ ಹೋಗಿ ಹತ್ತು ದಿನ ಇದ್ದು ಬಂದ. ಅಲ್ಲಿ ಆರಾಮಿದ್ದ. ಮರಳಿ ಬಂದ ಮೊದಲ ಬೆಳಗ್ಗೆ ಸ್ಕೂಟಿ ಸದ್ದಾಯಿತು, ತಲೆ ಎದ್ದಿತು. ಅವನಿಗೆ ಆಶ್ಚರ್ಯ, ನನಗಲ್ಲ. ರಷ್ಯಾದ ಪಾವ್ಲೋವ್ ಇದರ ಒಂದು ರೂಪವನ್ನು ನಾಯಿಗಳಲ್ಲಿ ನೋಡಿದ್ದರು. ಒಂದು ಸದ್ದು ಮಾಡಿ ಊಟ ಕೊಡುತ್ತ ಬಂದರೆ, ಕೊನೆಗೆ ಸದ್ದು ಕೇಳಿದರೇ ನಾಯಿಗೆ ಜೊಲ್ಲು ಬರುತ್ತಿತ್ತು. ಆಮೇಲೆ ಸದ್ದು ಮಾಡಿ ಊಟ ಕೊಡದೆ ಇದ್ದರೆ ಜೊಲ್ಲು ಕಡಿಮೆಯಾಗುತ್ತ ಬಂದು ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸದ್ದು ಮಾಡಿದರೆ ಜೊಲ್ಲು ಮರಳಿ ಬರುತ್ತಿತ್ತು, ಮೊದಲಿಗಿಂತ ಕಡಿಮೆ. ಅಂದರೆ ಹಳೆಯ ಪಾಠ ಅಳಿಸಿಹೋಗಿರಲಿಲ್ಲ. ಅದರ ಮೇಲೆ ಹೊಸ ಪಾಠ ಕೂತಿತ್ತು.

ಈ ಹೊಸ ಪಾಠಕ್ಕೆ ಜಾಗದ ಗೀಳು ಬೇರೆ. ಅಮೆರಿಕದ ಮಾರ್ಕ್ ಬೌಟನ್ ಇದನ್ನು ದಶಕಗಳ ಕಾಲ ಇಲಿಗಳಲ್ಲಿ ತೋರಿಸಿದ್ದಾರೆ. ಒಂದು ಪೆಟ್ಟಿಗೆಯಲ್ಲಿ ಕಲಿತ ಭಯವನ್ನು ಇನ್ನೊಂದು ಪೆಟ್ಟಿಗೆಯಲ್ಲಿ ಆರಿಸಿದರೆ, ಮೊದಲ ಪೆಟ್ಟಿಗೆಗೆ ಮರಳಿದಾಗ ಭಯವೂ ಮರಳುತ್ತದೆ. ಸಿದ್ದು ಊರಿನಲ್ಲಿ ಕಲಿತ ಸಮಾಧಾನ ಊರಿನಲ್ಲೇ ಉಳಿಯಿತು. ಸ್ಕೂಟಿ ಸದ್ದಿನ ಪಾಠವನ್ನು ಆ ಮಿಲ್ಲಿನ ಆ ಟೇಬಲ್ಲಿನ ಮುಂದೆಯೇ ಕಲಿಯಬೇಕಿತ್ತು. ಸದ್ದು ಬರಬೇಕು, ಏನೂ ಆಗಬಾರದು, ಲೆಕ್ಕ ಮುಂದುವರಿಯಬೇಕು. ಹೀಗೆ ಹತ್ತಾರು ಸಲ.

ಅವನು ಮಾಡಿದ್ದು ಇಷ್ಟು. "ಕೆಲವು ದಿನ ಮಾತು ಕಮ್ಮಿ ಮಾಡ್ತೀನ್ರಿ, ಸಿಟ್ಟಿಲ್ಲ" ಅಂತ ಆಕೆಗೆ ಹೇಳಿದ. ರಾತ್ರಿ ಮೆಸೇಜ್ ನಿಲ್ಲಿಸಿದ. ಆಕೆಯ ಸ್ಟೇಟಸ್ ಕಾಣದ ಹಾಗೆ ಮಾಡಿಕೊಂಡ. ಕರೆಯಬಹುದೇನೋ ಅಂತ ಕಾಯುವ ಬದಲು ನಾಲ್ಕು ಗಂಟೆಗೆ ಹಮಾಲರ ಜೊತೆ ಚಾಕ್ಕೆ ಹೋಗತೊಡಗಿದ. ಬಿಲ್ಲಿನ ಮಾತು ಎಂದಿನಂತೆ ನಡೆಯಿತು. ಅರ್ಧಕ್ಕರ್ಧ ಸಿಗುತ್ತಿದ್ದ ರಸಗಳನ್ನಷ್ಟೇ ತೆಗೆದುಹಾಕಿದ.

ಮೊದಲ ವಾರ ಕೆಟ್ಟಿತು. ಫೋನ್ ನೋಡುವುದು ದಿನಕ್ಕೆ 20 ಸಲ ಇದ್ದದ್ದು 30 ದಾಟಿತು. ಇದು ಕೆಲವರಲ್ಲಿ ಆಗುತ್ತದೆ. ಬೋರ್‌ವೆಲ್ ನೀರು ನಿಂತಾಗ ಮೊದಲು ಇನ್ನಷ್ಟು ಜೋರಾಗಿ ಹ್ಯಾಂಡ್‌ಪಂಪ್ ಒತ್ತುತ್ತೇವಲ್ಲ, ಹಾಗೆ. ಈ ಹೊತ್ತಿನಲ್ಲಿ ಸೋತು ಒಂದು ಮೆಸೇಜ್ ಕಳಿಸಿ, ಅದಕ್ಕೆ ಉತ್ತರ ಬಂದುಬಿಟ್ಟರೆ ಕಷ್ಟ. ಜೋರಾಗಿ ಒತ್ತಿದರೆ ನೀರು ಬರುತ್ತದೆ ಅಂತ ತಲೆ ಕಲಿಯುತ್ತದೆ. ಸಿದ್ದು ಫೋನನ್ನು ನಮ್ಮ ಮನೆಯಾಕೆಯ ಕೈಗೆ ಕೊಟ್ಟು ಮಲಗುತ್ತಿದ್ದ. ನಾಲ್ಕನೇ ವಾರಕ್ಕೆ ಲೆಕ್ಕ 6ಕ್ಕೆ ಇಳಿದಿತ್ತು.

ಹೋಳಿ ಆದಮೇಲೆ ಶರಣಬಸವೇಶ್ವರ ಜಾತ್ರೆ ಬಂತು. ಹಿಂದಿನ ವರ್ಷ ಮಿಲ್ಲಿನವರೆಲ್ಲ ಕೂಡಿ ಹೋಗಿದ್ದರು, ಆಕೆಯೂ. ಈ ಸಲ ಇವನು ಒಬ್ಬನೇ ಹೋಗಿ ತೇರಿಗೆ ಖಾರೀಕು ಎಸೆಯುವ ಹೊತ್ತಿಗೆ ಎಲ್ಲ ಮರಳಿ ಬಂತು. ರಾತ್ರಿ ಬಂದು, "ಮೂರು ತಿಂಗಳದ್ದು ನೀರಾಗ ಹೋತ್ರಿ ಸರ್" ಅಂದ. ಇಲ್ಲ ಮಾರಾಯ, ಅದು ಬೇರೆ ಪೆಟ್ಟಿಗೆ, ಅಲ್ಲಿ ನೀನಿನ್ನೂ ಕಲಿತಿರಲಿಲ್ಲ ಅಂದೆ. ನೆನಪು ಬಂತೋ ಇಲ್ಲವೋ ಅಂತ ನೋಡಬೇಡ, ಬಂದದ್ದು ಎಷ್ಟು ಹೊತ್ತು ಇತ್ತು ಬರೆ ಅಂದೆ. ಬರೆದ. ಎರಡು ದಿನ ಇತ್ತು. ದಸರಾ ನಂತರ ಅದೇ ಸಂಕಟ ವಾರಗಟ್ಟಲೆ ಇತ್ತು.

ಮೊನ್ನೆ ನೋಟ್‌ಬುಕ್ ಮರಳಿಸಿದ. ಕೊನೆಯ ಪುಟಗಳು ಖಾಲಿ. ಆ ಸದ್ದು ಈಗ ಏನು ಮಾಡುತ್ತದೆ ಅಂತ ಕೇಳಿದೆ.

"ತಲಿ ಏಳ್ತದ್ರಿ ಇನ್ನೂ. ಬಾಲಾಜಿ ಟ್ರಾನ್ಸ್‌ಪೋರ್ಟಿನ ಲಾರಿ ಬಂತೇನೋ ಅಂತ ನೋಡ್ತೀನಿ, ಮತ್ತ ಲೆಕ್ಕಕ್ಕ ಬರ್ತೀನಿ."